ನಾಲ್ಕು ಗಂಟೆ ಎಂದರೆ ಯಾವ ನಾಲ್ಕು ಗಂಟೆ?

ಹುಬ್ಬಳ್ಳಿ, ದಾವಣಗೆರೆಯಂಥ ಊರಿನಲ್ಲಿ 300 ಹಾಸಿಗೆಯ ಒಂದು ಆಸ್ಪತ್ರೆ ಇದೆ ಎಂದುಕೊಳ್ಳಿ. ಬೆಳಗ್ಗೆ ಆರೂವರೆಗೆ ಅದರ ಲ್ಯಾಬಿನ ಮುಂದೆ ಸಾಲು ಶುರುವಾಗುತ್ತದೆ. ಬಂದವರಲ್ಲಿ ಹೆಚ್ಚಿನವರು ಸಕ್ಕರೆ, ಕೊಬ್ಬಿನ ಪರೀಕ್ಷೆಗೆಂದು ರಾತ್ರಿಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡವರು. ಒಬ್ಬೊಬ್ಬರ ರಕ್ತ ತೆಗೆದ ಕೂಡಲೇ ಆ ಟ್ಯೂಬಿಗೆ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಬೇಕು. ಅದನ್ನು ಮುದ್ರಿಸುವುದು ಮೇಜಿನ ಮೇಲಿರುವ ಪುಟ್ಟ ಲೇಬಲ್ ಪ್ರಿಂಟರ್. 6.40ಕ್ಕೆ ಅದು ನಿಂತುಹೋದರೆ ಸಿಬ್ಬಂದಿ ಹೆಸರು, ನಂಬರನ್ನು ಕೈಯಲ್ಲಿ ಬರೆದು ಅಂಟಿಸುತ್ತಾರೆ, ಆಮೇಲೆ ಅದನ್ನೇ ಕಂಪ್ಯೂಟರಿಗೆ ಟೈಪ್ ಮಾಡುತ್ತಾರೆ. ಸಾಲು ಬೆಳೆಯುತ್ತದೆ. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬೀಳುವ ಅಪಾಯವೂ ಬೆಳೆಯುತ್ತದೆ.

ಆಸ್ಪತ್ರೆಯ ಐಟಿ ಹೆಲ್ಪ್‌ಡೆಸ್ಕ್ ಎಲ್ಲ ವಿಭಾಗಗಳಿಗೂ ಒಂದೇ ಮಾತು ಕೊಟ್ಟಿದೆ: ಪ್ರಿಂಟರ್ ದೂರುಗಳನ್ನು ನಾಲ್ಕು ಗಂಟೆಯೊಳಗೆ ಬಗೆಹರಿಸುತ್ತೇವೆ. ಆದರೆ ಹೆಲ್ಪ್‌ಡೆಸ್ಕ್ ಬಾಗಿಲು ತೆರೆಯುವುದು ಒಂಬತ್ತಕ್ಕೆ, ಒಪ್ಪಂದದ ಗಡಿಯಾರ ಓಡುವುದೂ ಆಗಿನಿಂದಲೇ. ಹನ್ನೊಂದೂವರೆಗೆ ಪ್ರಿಂಟರ್ ಸರಿಹೋದರೆ ಲೆಕ್ಕದಲ್ಲಿ ಎರಡೂವರೆ ಗಂಟೆ, ಗಡುವಿನೊಳಗೇ ಮುಗಿದ ಕೆಲಸ. ಲ್ಯಾಬಿಗೆ ಮಾತ್ರ ಆದದ್ದು ಐದು ಗಂಟೆಗೆ ಹತ್ತು ನಿಮಿಷ ಕಡಿಮೆ, ಅಷ್ಟರಲ್ಲಿ ಸಾಲೇ ಕರಗಿಹೋಗಿತ್ತು. ತಿಂಗಳ ಕೊನೆಯ ವರದಿಯಲ್ಲಿ ಎಲ್ಲವೂ ಹಸಿರು, ಲ್ಯಾಬಿನವರಿಗೆ ಮಾತ್ರ ಸಿಟ್ಟು. ಈ ಕ್ಷೇತ್ರದವರು ಇಂಥ ವರದಿಯನ್ನು ಕಲ್ಲಂಗಡಿ ಎನ್ನುತ್ತಾರೆ: ಹೊರಗೆ ಹಸಿರು, ಕೊಯ್ದರೆ ಕೆಂಪು.

ಸೇವೆಯ ಮಟ್ಟವನ್ನು ಬರೆದಿಡುವ ಈ ಕಾಗದಕ್ಕೆ ಕಚೇರಿಗಳಲ್ಲಿ ಎಸ್‌ಎಲ್‌ಎ ಎಂದೇ ಹೆಸರು. ಬ್ರಿಟನ್ ಸರಕಾರದ ಕಂಪ್ಯೂಟರ್ ಸಂಸ್ಥೆಯೊಂದು 1980ರ ದಶಕದ ಕೊನೆಯಲ್ಲಿ ಐಟಿ ಸೇವೆಯ ಪದ್ಧತಿಗಳನ್ನು ಐಟಿಐಎಲ್ ಎಂಬ ಕೈಪಿಡಿಗಳಾಗಿ ಕಟ್ಟಿಕೊಟ್ಟಿತು. ಇಂದಿನ ಹೆಲ್ಪ್‌ಡೆಸ್ಕ್‌ಗಳ ಬಹುಪಾಲು ಶಬ್ದಗಳು ಬಂದದ್ದು ಅಲ್ಲಿಂದ. ಹೊರಗಿನ ಕಂಪನಿಯೊಂದಿಗೆ ಮಾಡುವ ಎಸ್‌ಎಲ್‌ಎಯಲ್ಲಿ ಮಾತು ತಪ್ಪಿದರೆ ದಂಡ ಇರುತ್ತದೆ. ಒಂದೇ ಸಂಸ್ಥೆಯ ಎರಡು ವಿಭಾಗಗಳ ನಡುವೆ ದಂಡಕ್ಕೆ ಅರ್ಥವಿಲ್ಲ, ದುಡ್ಡು ಒಂದೇ ಜೇಬಿನಲ್ಲಿ ಸುತ್ತುತ್ತದೆ ಅಷ್ಟೇ. ಆದ್ದರಿಂದ ಒಳಗಿನ ಒಪ್ಪಂದಕ್ಕೆ ಬಲ ಬರುವುದು ಅದರಲ್ಲಿನ ಸಂಖ್ಯೆಗಳು ನಿಜವಾಗಿದ್ದಾಗ ಮಾತ್ರ. ಇನ್ನೊಂದು ಸಂಸ್ಥೆಯ ಕಾಗದದಿಂದ ನಕಲು ಮಾಡಿದ ‘ನಾಲ್ಕು ಗಂಟೆ’ ಯಾರನ್ನೂ ಕಾಯುವುದಿಲ್ಲ.

ಹಾಗಾದರೆ ಸಂಖ್ಯೆ ಎಲ್ಲಿಂದ ತರಬೇಕು? ಮೊದಲು ಲ್ಯಾಬಿಗೇ ಹೋಗಬೇಕು. ಅಲ್ಲಿ ‘ನಿಮಗೆ ಎಷ್ಟು ಹೊತ್ತಿನಲ್ಲಿ ಸರಿಯಾಗಬೇಕು’ ಎಂದು ಕೇಳಿದರೆ ‘ತಕ್ಷಣ’ ಎಂಬ ಉತ್ತರ ಬರುತ್ತದೆ, ಬೇರೆ ಉತ್ತರ ಬರಲಾರದು. ಕೇಳಬೇಕಾದ್ದು ಬೇರೆ.

“ಮೇಡಂ, ಪ್ರಿಂಟರ್ ನಿಂತರೆ ಮೊದಲ ಹತ್ತು ನಿಮಿಷ ಏನು ಮಾಡ್ತೀರಿ?”

“ಕೈಯಲ್ಲಿ ಬರೀತೀವಿ.”

“ಹಾಗೆ ಎಷ್ಟು ಹೊತ್ತು ತಳ್ಳಬಹುದು?”

“ಬೆಳಗ್ಗೆಯಾದ್ರೆ ಅರ್ಧ ಗಂಟೆ. ಅದಕ್ಕಿಂತ ಹೆಚ್ಚಾದ್ರೆ ನನಗೆ ಭಯ. ಮಧ್ಯಾಹ್ನ ಆದ್ರೆ ಸಂಜೆವರೆಗೂ ನಡಿಯತ್ತೆ.”

ಒಪ್ಪಂದಕ್ಕೆ ಬೇಕಾದ ಎರಡು ವಿಷಯಗಳೂ ಈ ಉತ್ತರದಲ್ಲಿವೆ. ಸಹಿಸಬಹುದಾದ ಅವಧಿ ಅರ್ಧ ಗಂಟೆ. ಅದು ಅನ್ವಯಿಸುವುದು ಆರೂವರೆಯಿಂದ ಹತ್ತರವರೆಗೆ ಮಾತ್ರ. ಸಾಮಾನ್ಯವಾಗಿ ಹೆಲ್ಪ್‌ಡೆಸ್ಕ್ ಒಂದು ದೂರಿನ ಆದ್ಯತೆಯನ್ನು ಪರಿಣಾಮ ಮತ್ತು ತುರ್ತು ಎಂಬ ಎರಡು ಅಳತೆಗಳಿಂದ ನಿರ್ಧರಿಸುತ್ತದೆ: ಎಷ್ಟು ಮಂದಿಗೆ ತೊಂದರೆ, ಎಷ್ಟು ಬೇಗ ಬೇಕು. ಕಂಪ್ಯೂಟರಿನ ಮುಂದೆ ಕುಳಿತವರನ್ನಷ್ಟೇ ಎಣಿಸಿದರೆ ಲ್ಯಾಬಿನ ಪ್ರಿಂಟರಿನಿಂದ ತೊಂದರೆಯಾದದ್ದು ಒಬ್ಬರಿಗೆ, ಹೀಗಾಗಿ ದೂರು ಪಟ್ಟಿಯ ಕೆಳಗೆ ಬೀಳುತ್ತದೆ. ಆ ಕಂಪ್ಯೂಟರಿನ ಆಚೆ ನಿಂತಿರುವ ಸಾಲು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಪ್ರತಿ ವಿಭಾಗವೂ ತನ್ನ ಎರಡು ಮೂರು ಜೀವನಾಡಿ ಕೆಲಸಗಳನ್ನು, ಅವುಗಳ ಗಡಿಬಿಡಿಯ ಹೊತ್ತಿನ ಸಮೇತ, ಮೊದಲೇ ಹೆಸರಿಸಬೇಕು. ಲೆಕ್ಕಪತ್ರ ವಿಭಾಗಕ್ಕೆ ಆ ಹೊತ್ತು ಸಂಬಳದ ಮುಂಚಿನ ಎರಡು ದಿನ, ಬಿಲ್ಲಿಂಗ್‌ಗೆ ಡಿಸ್ಚಾರ್ಜ್ ನಡೆಯುವ ಮಧ್ಯಾಹ್ನ. ಎಲ್ಲವನ್ನೂ ಜೀವನಾಡಿ ಎಂದು ಬರೆಯಹೊರಟ ವಿಭಾಗಕ್ಕೆ ಮೂರಕ್ಕಿಂತ ಹೆಚ್ಚು ಸಿಗದು ಎಂದು ಖಡಾಖಂಡಿತವಾಗಿ ಹೇಳಬೇಕು, ಇಲ್ಲದಿದ್ದರೆ ಪಟ್ಟಿಯೇ ವ್ಯರ್ಥ.

ಇನ್ನು ಹೆಲ್ಪ್‌ಡೆಸ್ಕಿನ ಕಡೆ. ಅದು ನೋಡಬೇಕಾದ್ದು ತನ್ನದೇ ಹಳೆಯ ಟಿಕೆಟ್‌ಗಳನ್ನು. ಆರು ತಿಂಗಳಲ್ಲಿ ಇಡೀ ಆಸ್ಪತ್ರೆಯಿಂದ ನೂರು ಪ್ರಿಂಟರ್ ದೂರುಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಎಂಬತ್ತು ದೂರುಗಳು ಸರಾಸರಿ ಅರ್ಧ ಗಂಟೆಯಲ್ಲಿ ಮುಗಿದಿವೆ: ಕೇಬಲ್ ಸಡಿಲವಾಗಿತ್ತು, ಕಾಗದ ಸಿಕ್ಕಿಕೊಂಡಿತ್ತು. ಹತ್ತಕ್ಕೆ ಮೂರು ಗಂಟೆ ಹಿಡಿದಿದೆ. ಉಳಿದ ಹತ್ತಕ್ಕೆ ಬಿಡಿಭಾಗ ಬರಬೇಕಿತ್ತು, ಅವು ಇಪ್ಪತ್ತು ಕೆಲಸದ ಗಂಟೆ, ಅಂದರೆ ಎರಡು ದಿನಕ್ಕೂ ಹೆಚ್ಚು ತೆಗೆದುಕೊಂಡಿವೆ. ಎಲ್ಲ ಕೂಡಿಸಿ ಭಾಗಿಸಿದರೆ ಸರಾಸರಿ 2.7 ಗಂಟೆ. ಆದರೆ ಆ 2.7 ಗಂಟೆ ಯಾರ ಅನುಭವವೂ ಅಲ್ಲ. ಬಹುಪಾಲು ಜನ ಅದಕ್ಕಿಂತ ಎಷ್ಟೋ ಬೇಗ ಎದ್ದು ಹೋದರು, ಕೆಲವರು ದಿನಗಟ್ಟಲೆ ಕಾದರು. ಸರಾಸರಿಯ ಮೇಲೆ ಕಟ್ಟಿದ ಮಾತು ಎರಡೂ ಗುಂಪಿಗೆ ಸುಳ್ಳಾಗುತ್ತದೆ. ‘ನೂರರಲ್ಲಿ ತೊಂಬತ್ತು ದೂರು ನಾಲ್ಕು ಗಂಟೆಯೊಳಗೆ’ ಎನ್ನುವುದು ಈ ದಾಖಲೆ ಹೊರಬಲ್ಲ ಮಾತು. ಮಿಕ್ಕ ಹತ್ತಕ್ಕೆ ಬೇರೆಯೇ ಉತ್ತರ ಹುಡುಕಬೇಕು.

ಆ ಹತ್ತು ಏಕೆ ತಡವಾದವು ಎಂದು ಕೆದಕಿದರೆ ಒಪ್ಪಂದದ ಬುಡಕ್ಕೆ ಹೋಗುತ್ತೇವೆ. ಪ್ರಿಂಟರ್ ರಿಪೇರಿ ಮಾಡುವುದು ಹೊರಗಿನ ವೆಂಡರ್. ಅವರ ವಾರ್ಷಿಕ ನಿರ್ವಹಣಾ ಕರಾರಿನಲ್ಲಿರುವುದು ‘ಮರುದಿನ ಬರುತ್ತೇವೆ’ ಎಂಬ ಮಾತು. ಗಮನಿಸಿ, ಬರುತ್ತೇವೆ ಎಂದಷ್ಟೇ, ಸರಿಮಾಡುತ್ತೇವೆ ಎಂದಲ್ಲ. ವೆಂಡರ್ ಮರುದಿನ ಬರುವಾಗ ಹೆಲ್ಪ್‌ಡೆಸ್ಕ್ ಅದೇ ದಿನದ ಮಾತು ಕೊಟ್ಟರೆ ಅದು ತನ್ನ ಕೈಯಲ್ಲಿಲ್ಲದ್ದನ್ನು ದಾನ ಮಾಡಿದಂತೆ. ಬಿಡಿಭಾಗಕ್ಕೆ ಕಾಯುವ ಹೊತ್ತನ್ನು ಹೆಲ್ಪ್‌ಡೆಸ್ಕ್ ಕುಗ್ಗಿಸಲಾರದು. ಆದರೆ ಲ್ಯಾಬಿಗೆ ಬೇಕಿರುವುದು ಆ ಪ್ರಿಂಟರಿನ ರಿಪೇರಿಯಲ್ಲ, ಸ್ಟಿಕ್ಕರ್ ಬರುವುದು. ಲೇಬಲ್ ರೋಲ್ ಹಾಕಿ, ಸೆಟ್ಟಿಂಗ್ ಮಾಡಿ ಸಿದ್ಧವಾಗಿಟ್ಟ ಇನ್ನೊಂದು ಪ್ರಿಂಟರ್ ಲ್ಯಾಬಿನ ಕಪಾಟಿನಲ್ಲೇ ಇದ್ದರೆ ಅರ್ಧ ಗಂಟೆಯ ಮಾತು ಸುಲಭವಾಗಿ ಉಳಿಯುತ್ತದೆ. ಒಪ್ಪಂದದಲ್ಲಿ ‘ರಿಪೇರಿ’ ಎಂದು ಬರೆಯದೆ ‘ಸೇವೆ ಮತ್ತೆ ಶುರುವಾಗುವುದು’ ಎಂದು ಬರೆಯಬೇಕು ಎನ್ನುವುದು ಇದಕ್ಕೇ. ಕೆಟ್ಟ ಪ್ರಿಂಟರ್ ಆಮೇಲೆ ಎರಡು ದಿನ ತೆಗೆದುಕೊಳ್ಳಲಿ.

ಉಳಿದದ್ದು ಬೆಳಗಿನ ಆರೂವರೆಗೆ ಜನ ಇರುವ ಪ್ರಶ್ನೆ. ಇಲ್ಲಿ ಅನೇಕ ಸಂಸ್ಥೆಗಳು ಆವೇಶದಲ್ಲಿ 24 ಗಂಟೆಯ ಸೇವೆ ಎಂದು ಬರೆದುಬಿಡುತ್ತವೆ. ಒಂದೇ ಕುರ್ಚಿಯನ್ನು ಹಗಲೂ ರಾತ್ರಿ ತುಂಬಿಸಿಡಲು ವಾರಕ್ಕೆ 168 ಗಂಟೆ ಬೇಕು. ಒಬ್ಬರು 48 ಗಂಟೆ ದುಡಿದರೆ ಮೂರೂವರೆ ಮಂದಿ, ರಜೆ ಕಾಯಿಲೆಗಳನ್ನು ಸೇರಿಸಿದರೆ ನಾಲ್ಕಕ್ಕೂ ಹೆಚ್ಚು. ಇರುವ ನಾಲ್ವರನ್ನೇ ಅದಕ್ಕೆ ಹಚ್ಚಿದರೆ ಹಗಲಿನ ಕೆಲಸಕ್ಕೆ ಯಾರೂ ಇರುವುದಿಲ್ಲ. ಲ್ಯಾಬಿಗೆ ಬೇಕಾದದ್ದು ಬೆಳಗಿನ ಮೂರೂವರೆ ಗಂಟೆ. ಸರದಿಯ ಮೇಲೆ ಒಬ್ಬ ಎಂಜಿನಿಯರ್ ಆರೂವರೆಗೆ ಬಂದು ಮೂರೂವರೆಗೆ ಮನೆಗೆ ಹೋದರೆ ಸಾಕು. ರಾತ್ರಿಯ ಹೊತ್ತಿಗೆ ಒಬ್ಬರು ಫೋನಿನಲ್ಲಿ ಸಿಗುವಂತಿರಬೇಕು, ಅದೂ ಇಡೀ ಸರ್ವರ್ ಬಿದ್ದಂಥ ಪ್ರಸಂಗಕ್ಕೆ ಮಾತ್ರ.

ಹೀಗೆ ಲ್ಯಾಬಿನ ಒಪ್ಪಂದದ ಸಾಲು ರೂಪ ಪಡೆಯುತ್ತದೆ: ಬೆಳಗ್ಗೆ 6.30ರಿಂದ 10ರವರೆಗೆ ಲೇಬಲ್ ಮುದ್ರಣ ನಿಂತರೆ ಹತ್ತು ನಿಮಿಷದಲ್ಲಿ ಉತ್ತರ, ಮೂವತ್ತು ನಿಮಿಷದಲ್ಲಿ ಮುದ್ರಣ ಮತ್ತೆ ಶುರು. ಉಳಿದ ಹೊತ್ತಿನಲ್ಲಿ ನಾಲ್ಕು ಗಂಟೆ. ಉತ್ತರ ಎಂದರೆ ಮನುಷ್ಯನೊಬ್ಬ ದೂರನ್ನು ಕೈಗೆತ್ತಿಕೊಂಡು ಮಾತಾಡಿದ್ದು. ‘ನಿಮ್ಮ ದೂರು ದಾಖಲಾಗಿದೆ’ ಎಂಬ ತಾನಾಗಿ ಹೋಗುವ ಸಂದೇಶ ಉತ್ತರವಲ್ಲ. ಇದನ್ನೂ ಕಾಗದದ ಮೇಲೆ ಬರೆಯಬೇಕು. ಇಂಥ ದೂರು ತಿಂಗಳಿಗೆ ನಾಲ್ಕೈದು ಮಾತ್ರ ಬರುವುದಾದರೆ ಶೇಕಡಾವಾರು ಗುರಿ ಇಡಬಾರದು. ಐದರಲ್ಲಿ ಒಂದು ತಪ್ಪಿದರೆ ನೇರವಾಗಿ 80ಕ್ಕೆ ಇಳಿಯುತ್ತದೆ, ಶೇ 95 ಎಂಬ ಗುರಿ ಅಲ್ಲಿ ಲೆಕ್ಕಕ್ಕೇ ನಿಲ್ಲದು. ‘ಮೂರು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ತಪ್ಪಬಾರದು, ತಪ್ಪಿದ ಪ್ರತಿ ಸಲವೂ ಕಾರಣ ಹೇಳಬೇಕು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಒಪ್ಪಂದದ ಇನ್ನರ್ಧ ಲ್ಯಾಬಿನ ಹೊಣೆ. ಇದನ್ನು ಬಿಟ್ಟ ಎಸ್‌ಎಲ್‌ಎಗಳು ಒಮ್ಮುಖದ ಬೇಡಿಕೆಪಟ್ಟಿಯಾಗಿ ಉಳಿಯುತ್ತವೆ. ದೂರು ಗೊತ್ತಾದ ನಂಬರಿಗೇ ಬರಬೇಕು, ಪರಿಚಯದ ಎಂಜಿನಿಯರನ ಮೊಬೈಲಿಗಲ್ಲ. ಪ್ರತಿ ಪಾಳಿಯಲ್ಲೂ ಎಂಜಿನಿಯರ್ ಕರೆ ಮಾಡಿದರೆ ಮಾತಾಡುವ ಒಬ್ಬರ ಹೆಸರು ನಿಗದಿಯಾಗಿರಬೇಕು. ಈ ಕೊನೆಯದು ಸಣ್ಣದೆನಿಸಿದರೂ ಗಡಿಯಾರದ ಅತಿ ದೊಡ್ಡ ಸೋರಿಕೆ ಇರುವುದು ಇಲ್ಲೇ. ಬಹುತೇಕ ಟಿಕೆಟ್ ತಂತ್ರಾಂಶಗಳಲ್ಲಿ ‘ಪೆಂಡಿಂಗ್’ ಎಂಬ ಸ್ಥಿತಿ ಇರುತ್ತದೆ. ಬಳಕೆದಾರರ ಉತ್ತರಕ್ಕೆ ಕಾಯುತ್ತಿದ್ದೇವೆ ಎಂದು ಅದನ್ನು ಒತ್ತಿದರೆ ಗಡಿಯಾರ ನಿಲ್ಲುತ್ತದೆ. ಒಂದು ಕರೆ ಮಾಡಿ, ಎತ್ತಲಿಲ್ಲ ಎಂದು ಪೆಂಡಿಂಗ್‌ಗೆ ಹಾಕಿದರೆ ಗಡುವು ಎಂದೂ ಮೀರುವುದಿಲ್ಲ. ರಕ್ತ ತೆಗೆಯುತ್ತಿರುವವರು ಸೂಜಿ ಬಿಟ್ಟು ಫೋನ್ ಎತ್ತಲಾದೀತೇ? ಪಾಳಿಯ ಹೊಣೆಗಾರರಿಗೆ ಎರಡು ಸಲ ಕರೆ ಮಾಡಿದ್ದು ಟಿಕೆಟಿನಲ್ಲಿ ದಾಖಲಾದ ಮೇಲೆ ಮಾತ್ರ ಪೆಂಡಿಂಗ್, ಬಿಡಿಭಾಗಕ್ಕೆ ಕಾಯುವಾಗ ಎಂದಿಗೂ ಇಲ್ಲ ಎಂದು ನಿಯಮ ಮಾಡಬೇಕು.

ಒಪ್ಪಂದ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹಸಿರು ಬಣ್ಣವನ್ನು ನೆಚ್ಚಬಾರದು. ಪೆಂಡಿಂಗ್‌ನಲ್ಲಿ ಕಳೆದ ಹೊತ್ತು ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ನೋಡಿ. ಮೂರು ಗಂಟೆ ಐವತ್ತು ನಿಮಿಷಕ್ಕೆ ಸಾಲುಸಾಲಾಗಿ ಮುಚ್ಚಿದ ಟಿಕೆಟ್‌ಗಳಿದ್ದರೆ ಕೆಲಸ ಮುಗಿಯದೆ ಟಿಕೆಟ್ ಮುಚ್ಚುತ್ತಿದ್ದಾರೆಂಬ ಅನುಮಾನ ಬರಬೇಕು. ಎರಡು ದಿನದೊಳಗೆ ಅದೇ ಯಂತ್ರದ ಮೇಲೆ ಹೊಸ ಟಿಕೆಟ್ ಬಂದಿದ್ದರೆ ಅನುಮಾನ ಖಚಿತ. ಒಂದು ವಿಭಾಗದಿಂದ ದೂರುಗಳೇ ಇಳಿದುಹೋಗಿದ್ದರೆ ಸಂತೋಷಪಡುವ ಮೊದಲು ಅಲ್ಲಿಗೆ ಹೋಗಿ ಕೇಳಬೇಕು. ಅವರು ಹೇಳುವುದನ್ನೇ ಬಿಟ್ಟಿರಬಹುದು.

ಟಿಕೆಟ್‌ಗಳನ್ನು ವಿಭಾಗವಾರು ಜೋಡಿಸಿದಾಗ ಸಮಯದ ಗುರಿಗೆ ಸಿಗದ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಲ್ಯಾಬಿನ ಪ್ರಿಂಟರ್ ಪ್ರತಿ ಸಲವೂ ಮೂವತ್ತು ನಿಮಿಷದಲ್ಲಿ ಸರಿಹೋಗುತ್ತಿದೆ, ಆದರೆ ವಾರಕ್ಕೊಮ್ಮೆ ಕೆಡುತ್ತಿದೆ. ಪ್ರತಿ ದೂರೂ ಪಾಸು, ಒಟ್ಟಾರೆ ಸೇವೆ ನಪಾಸು. ಇದನ್ನು ಐಟಿಐಎಲ್ ಘಟನೆ ಎನ್ನದೆ ಸಮಸ್ಯೆ ಎಂದು ಬೇರೆ ಮಾಡುತ್ತದೆ, ಅಂದರೆ ಕಾರಣ ಹುಡುಕಲೇಬೇಕಾದದ್ದು. ಶಾಖದಿಂದ ಮುದ್ರಿಸುವ ಇಂಥ ಪ್ರಿಂಟರುಗಳಲ್ಲಿ ಕಾರಣ ಹಲವು ಸಲ ತೀರ ಸರಳ: ಸ್ಟಿಕ್ಕರಿನ ಅಂಟು, ದೂಳು ಮುದ್ರಿಸುವ ಹೆಡ್ಡಿನ ಮೇಲೆ ಕೂತು ಬಾರ್‌ಕೋಡಿನ ಗೆರೆಗಳು ಮಾಸುತ್ತವೆ, ಸ್ಕ್ಯಾನರ್ ಓದುವುದಿಲ್ಲ. ರೋಲ್ ಬದಲಿಸುವಾಗಲೆಲ್ಲ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಆ ಹೆಡ್ ಒರೆಸಬೇಕು. ಮೂರು ತಿಂಗಳ ಪರಿಶೀಲನಾ ಸಭೆಯಲ್ಲಿ ಒಪ್ಪಂದಕ್ಕೆ ಸೇರಬೇಕಾದ ಹೊಸ ಸಾಲು ಅದು: ಒರೆಸುವ ಸಾಮಗ್ರಿ ಹೆಲ್ಪ್‌ಡೆಸ್ಕಿನದು, ಒರೆಸುವ ಕೆಲಸ ಲ್ಯಾಬಿನದು.