ಗದ್ದೆಯ ಕೆಸರಿನಿಂದ ಬರುವ ಜ್ವರ

ಮಳೆಗಾಲ, ನಾಟಿಯ ಹೊತ್ತು. ಉಡುಪಿ ಕಡೆಯ ಒಬ್ಬ ಗದ್ದೆ ಕೂಲಿಯಾಳನ್ನು ಊಹಿಸಿಕೊಳ್ಳಿ. ಐವತ್ತು ದಾಟಿದ ವಯಸ್ಸು, ಹಳೆಯ ಸಕ್ಕರೆ ಕಾಯಿಲೆ, ಮಾತ್ರೆ ನೆನಪಾದ ದಿನ ಮಾತ್ರ. ಚಳಿಜ್ವರ, ಕೆಮ್ಮು ಶುರುವಾಗಿದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಚ್ಚೆ ಕಂಡಿದೆ. ನ್ಯುಮೋನಿಯಾಕ್ಕೆ ಕೊಟ್ಟ ಇಂಜೆಕ್ಷನ್‌ಗೆ ಜ್ವರ ಬಗ್ಗುವುದಿಲ್ಲ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಟಿಬಿ ಮಾತ್ರೆ ಶುರುವಾಗುತ್ತದೆ. ಕೆಲವು ವಾರಗಳಲ್ಲಿ ಆಳು ಸೊರಗಿ ಹೋಗುತ್ತಾರೆ, ಹೊಟ್ಟೆ ನೋಯುತ್ತದೆ. ಸ್ಕ್ಯಾನ್ ಮಾಡಿದರೆ ಲಿವರ್‌ನಲ್ಲೂ ಗುಲ್ಮದಲ್ಲೂ ಕೀವು ತುಂಬಿದ ಗೂಡುಗಳು.

ಶ್ವಾಸಕೋಶ, ಲಿವರ್, ಗುಲ್ಮ ಮೂರರಲ್ಲೂ ಒಟ್ಟಿಗೆ ತೊಂದರೆ, ಜೊತೆಗೆ ಸಕ್ಕರೆ ಕಾಯಿಲೆ ಮತ್ತು ಮಣ್ಣಿನ ಕೆಲಸ: ಇಷ್ಟು ಸೇರಿದರೆ ಮೆಲಿಯಾಯ್ಡೋಸಿಸ್ ಇರಬಹುದೆಂದು ವೈದ್ಯರು ಯೋಚಿಸಲೇಬೇಕು. ಬರ್ಕೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾ ಇದರ ಕಾರಣ. ಅದರ ವಾಸ ಒದ್ದೆ ಮಣ್ಣು ಮತ್ತು ನೀರು. ಕಾಲಿನ ಗಾಯದಿಂದಲೋ ಉಸಿರಿನ ಜೊತೆಗೋ ಒಳಗೆ ಬರುತ್ತದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ರೋಗಾಣುವನ್ನು ನುಂಗಿ ಕೊಲ್ಲುವ ಬಿಳಿ ರಕ್ತಕಣಗಳು ಸೋಲುತ್ತವೆ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಧುಮೇಹ ಇರುವುದು ಇದಕ್ಕೇ. ಕರಾವಳಿ ಕರ್ನಾಟಕದಲ್ಲಿ ಮಳೆಗಾಲದಲ್ಲಿ ಈ ರೋಗ ಹೆಚ್ಚು ಕಾಣುತ್ತದೆ.

ಖಚಿತ ಮಾಡಲು ಕಲ್ಚರ್ ಬೇಕು. ರಕ್ತ, ಕಫ, ಮೂತ್ರ, ಗೂಡಿನ ಕೀವು, ಎಲ್ಲವನ್ನೂ ಆಂಟಿಬಯೋಟಿಕ್ ಕೊಡುವ ಮೊದಲೇ ಕಳಿಸಿದರೆ ಒಳ್ಳೆಯದು. ಎಡವಟ್ಟು ಆಗುವುದು ಹೆಚ್ಚಾಗಿ ಲ್ಯಾಬಿನಲ್ಲಿ. ಮೊದಲ ದಿನ ಈ ಬ್ಯಾಕ್ಟೀರಿಯಾ ಸಾಮಾನ್ಯ ಸ್ಯೂಡೋಮೊನಾಸ್‌ನಂತೆ ಕಾಣುವುದರಿಂದ ಹೊರಗಿನಿಂದ ಸೇರಿದ ಕೊಳೆ ಎಂದು ಎಸೆದುಬಿಡುವುದೂ ಉಂಟು. ಕೆಲವು ದಿನ ಬಿಟ್ಟರೆ ಮೇಲ್ಮೈ ಸುಕ್ಕುಗಟ್ಟುತ್ತದೆ. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಸಾಮಾನ್ಯವಾಗಿ ಜಗ್ಗದು, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಮಾತ್ರ ಬಗ್ಗುತ್ತದೆ. ಈ ವಿಚಿತ್ರ ಜೋಡಣೆ ದೊಡ್ಡ ಸುಳಿವು. ಒಮ್ಮೆ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲವೆಂದು ರೋಗ ಇಲ್ಲ ಎನ್ನುವಂತಿಲ್ಲ, ಅನುಮಾನ ಇದ್ದರೆ ಮತ್ತೆ ಕಳಿಸಬೇಕು.

ಚಿಕಿತ್ಸೆಗೆ ಎರಡು ಹಂತ. ಮೊದಲು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ಕನಿಷ್ಠ 10ರಿಂದ 14 ದಿನ. ಒಳಗೆ ಗೂಡು ಇದ್ದರೆ ನಾಲ್ಕು ವಾರಕ್ಕೂ ಮೀರಬಹುದು, ದೊಡ್ಡ ಗೂಡಿನ ಕೀವನ್ನು ಸೂಜಿಯಿಂದ ಹೊರತೆಗೆಯಬೇಕಾಗುತ್ತದೆ. ಸರಿಯಾದ ಔಷಧಿ ಸಿಕ್ಕರೂ ಜ್ವರ ಒಂದು ವಾರಕ್ಕಿಂತ ಹೆಚ್ಚು ಎಳೆಯಬಹುದು. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಔಷಧಿ ಹಿಡಿಸಲಿಲ್ಲವೆಂದು ಆಸ್ಪತ್ರೆ ಬದಲಿಸುತ್ತಾರೆ.

ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ, ಮೂರರಿಂದ ಆರು ತಿಂಗಳು. ರೋಗಿ ಕೈತಪ್ಪುವುದು ಇಲ್ಲೇ. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ, ಕೂಲಿ ಕರೆಯುತ್ತಿದೆ. ಇನ್ನು ಮಾತ್ರೆ ಯಾಕೆ? ಆದರೆ ಕಣ್ಮರೆಯಾದ ಬ್ಯಾಕ್ಟೀರಿಯಾ ಒಳಗೇ ಉಳಿದಿರುತ್ತದೆ, ಮಾತ್ರೆ ಬಿಟ್ಟವರಲ್ಲಿ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚು. ಮೈಯಲ್ಲಿ ಗುಳ್ಳೆ ಎದ್ದರೆ ತಾವೇ ನಿಲ್ಲಿಸಿ ಸುಮ್ಮನಿರದೆ ಕೂಡಲೇ ವೈದ್ಯರಿಗೆ ತೋರಿಸಬೇಕು, ಬದಲಿ ಔಷಧಿ ಇದೆ. ನಡುವೆ ಮೂತ್ರಪಿಂಡ, ಪೊಟ್ಯಾಸಿಯಂ, ರಕ್ತಕಣಗಳ ಪರೀಕ್ಷೆಯೂ ಬೇಕು, ಸಕ್ಕರೆಗಂತೂ ಬಿಡುವಿಲ್ಲ.

ಮತ್ತೆ ಗದ್ದೆಗಿಳಿಯುವವರು ಗಮ್‌ಬೂಟು ಹಾಕಿ, ಗಾಯ ಮುಚ್ಚಿಕೊಳ್ಳಲಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಲಿ. ಮುಂದೊಂದು ದಿನ ಜ್ವರ ಬಂದರೆ ಹೊಸ ವೈದ್ಯರ ಮುಂದೆ ಅದನ್ನೇ ಮೊದಲು ಇಡಬೇಕು.