ಜೋಡಿ ಬ್ಯಾಟರಿಗಳಲ್ಲಿ ಒಂದೇ ಏಕೆ ಬೇಗ ಸವೆಯುತ್ತದೆ?

ಮನೆಯ ಇನ್ವರ್ಟರಿಗೆ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸುವಾಗ, ಇನ್ವರ್ಟರಿನ ಧನ ಮತ್ತು ಋಣ ತಂತಿಗಳೆರಡನ್ನೂ ಮೊದಲನೆಯ ಬ್ಯಾಟರಿಗೇ ಬಿಗಿಯುವುದುಂಟು. ತೊಂದರೆಯ ಮೂಲ ಇಲ್ಲಿಯೇ ಇದೆ.

ಪ್ರತಿ ಬ್ಯಾಟರಿಯ ಆಂತರಿಕ ರೋಧ 6 ಮಿಲಿಓಮ್, ಅವುಗಳನ್ನು ಕೂಡಿಸುವ ಎರಡು ತಂತಿಗಳ ರೋಧ ತಲಾ 1 ಮಿಲಿಓಮ್ ಎಂದು ಭಾವಿಸೋಣ. ಮೊದಲನೆಯದರ ಹಾದಿಯಲ್ಲಿ 6, ಎರಡನೆಯದರ ಹಾದಿಯಲ್ಲಿ 8 ಮಿಲಿಓಮ್ ರೋಧವಿರುತ್ತದೆ. ಆದುದರಿಂದ 70 ಆಂಪಿಯರ್ ಬೇಕಾದಾಗ ಮೊದಲನೆಯದು 40, ಎರಡನೆಯದು 30 ಆಂಪಿಯರ್ ನೀಡುತ್ತದೆ. ನಿತ್ಯವೂ ಹೆಚ್ಚು ಬರಿದಾಗುವ ಮೊದಲನೆಯದು ಬೇಗ ಸವೆಯುತ್ತದೆ. ಚಾರ್ಜ್ ಆಗುವಾಗ ಎರಡನೆಯದಕ್ಕೆ ಕಡಿಮೆ ವಿದ್ಯುತ್ ಸಿಗುತ್ತದೆ. ಅದು ಪೂರ್ಣವಾಗಿ ತುಂಬದೆ ಉಳಿಯುತ್ತಿದ್ದರೆ, ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಗೊಂಡು ಅದರ ಸಾಮರ್ಥ್ಯವೂ ಕುಂದುತ್ತದೆ.

ಇನ್ವರ್ಟರಿನ ಧನ ತಂತಿಯನ್ನು ಮೊದಲನೆಯ ಬ್ಯಾಟರಿಗೂ ಋಣ ತಂತಿಯನ್ನು ಎರಡನೆಯದಕ್ಕೂ ಜೋಡಿಸಿದರೆ, ಎರಡೂ ಹಾದಿಗಳಲ್ಲಿ 7 ಮಿಲಿಓಮ್ ರೋಧವಾಗಿ ತಲಾ 35 ಆಂಪಿಯರ್ ಹರಿಯುತ್ತದೆ. ಬ್ಯಾಟರಿಗಳು ಎರಡಕ್ಕಿಂತ ಹೆಚ್ಚಿದ್ದರೆ ಇದರಲ್ಲಿಯೂ ಅಲ್ಪ ವ್ಯತ್ಯಾಸ ಉಳಿಯುತ್ತದೆ. ಆಗ ಪ್ರತಿಯೊಂದರಿಂದ ಸಮಾನ ಉದ್ದದ ತಂತಿಗಳನ್ನು ತಾಮ್ರದ ಪಟ್ಟಿಗಳಿಗೆ ತರುವುದು ಲೇಸು.

ನೇರ ವಿದ್ಯುತ್ತನ್ನು ಅಳೆಯಬಲ್ಲ ಕ್ಲ್ಯಾಂಪ್ ಮೀಟರನ್ನು ಪ್ರತಿ ಬ್ಯಾಟರಿಯ ತಂತಿಗೆ ಹಿಡಿದು ಅಳೆಯಿರಿ. ಸರಿಯಾಗಿ ಜೋಡಿಸಿದ ಮೇಲೂ ಅಂಕಿಗಳು ಬೇರೆಯಾದರೆ, ಸಡಿಲವಾದ ಬೋಲ್ಟ್ ಅಥವಾ ಹಳೆಯ ಬ್ಯಾಟರಿ ಕಾರಣವಿರಬಹುದು.