ಫೋಟೋ ಹೊಡೆದು ಹಾಕಿದ ಚೆಕ್ ಹೋಲ್ಡ್ ಆಯ್ತಾ? ಅಮೆರಿಕದಲ್ಲಿರೋ ಮಕ್ಕಳ ದುಡ್ಡು ತಡ ಆಗೋದು ಇದಕ್ಕೇ

ನಮ್ಮ ತಾಲೂಕಿನ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿ ಓದ್ತಿದ್ದಾರೆ. ಎಜುಕೇಶನ್ ಲೋನ್ ಇಲ್ಲಿ, ದುಡ್ಡು ಅಲ್ಲಿ. "ಚೆಕ್ ಆ್ಯಪ್‌ನಲ್ಲಿ ಹಾಕಿದೀನಿ ಅಪ್ಪ, ಹೋಲ್ಡ್ ಅಂತ ತೋರಿಸ್ತಿದೆ" ಅಂತ ಮಗಳು ಫೋನ್ ಮಾಡಿದರೆ ಇಲ್ಲಿ ತಂದೆಗೆ ಏನೂ ಅರ್ಥ ಆಗಲ್ಲ. ಆ್ಯಪ್‌ನಲ್ಲಿ ಹಾಕಿದ ದುಡ್ಡು ಕೂಡಲೇ ಬರಬೇಕಲ್ಲ ಅನ್ನೋದು ನಮ್ಮ ಲೆಕ್ಕ. ಯುಪಿಐ ನೋಡಿ ಅಭ್ಯಾಸ ಆದವರಿಗೆ ಹಾಗನಿಸೋದು ಸಹಜ. ಆದರೆ ಚೆಕ್ಕಿನ ದಾರಿಯೇ ಬೇರೆ.

ಫೋಟೋ ಹೋಗುತ್ತೆ, ಕಾಗದ ಕೈಯಲ್ಲೇ ಉಳಿಯುತ್ತೆ

ಅಮೆರಿಕದಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಕೊಡೋದರಿಂದ ಹಿಡಿದು ಹಲವು ಕಡೆ ಈಗಲೂ ಚೆಕ್ ನಡೆಯುತ್ತೆ. ಮೊದಲು ಈ ಕಾಗದಗಳನ್ನೇ ವಿಮಾನದಲ್ಲಿ ಊರಿಂದೂರಿಗೆ ಸಾಗಿಸುತ್ತಿದ್ದರು. 2001ರ ಸೆಪ್ಟೆಂಬರ್ 11ರ ದಾಳಿ ನಂತರ ವಿಮಾನಗಳು ನಿಂತಾಗ ಚೆಕ್‌ಗಳೂ ನಿಂತವು. ಆಮೇಲೆ ಬಂದ 'ಚೆಕ್ 21' ಕಾನೂನು 2004ರ ಅಕ್ಟೋಬರ್‌ನಿಂದ ಜಾರಿಯಾಯಿತು. ಕಾಗದದ ಬದಲು ಅದರ ಚಿತ್ರ ಕಳಿಸಿ ಕ್ಲಿಯರಿಂಗ್ ಮಾಡೋದು ಇದರಿಂದ ಸುಲಭ ಆಯ್ತು. ಮೊಬೈಲ್‌ನಲ್ಲಿ ಫೋಟೋ ಹೊಡೆದು ಚೆಕ್ ಹಾಕೋ ಪದ್ಧತಿ ಬೆಳೆದಿದ್ದು ಇದರ ಮೇಲೇ.

ನಮ್ಮಲ್ಲೂ ಸಿಟಿಎಸ್‌ನಲ್ಲಿ ಹೋಗೋದು ಚೆಕ್ಕಿನ ಚಿತ್ರವೇ. 2025ರ ಅಕ್ಟೋಬರ್ 4ರಿಂದ ಬ್ಯಾಚ್‌ಗೆ ಕಾಯದೆ ಬಂದ ಹಾಗೇ ಕಳಿಸುತ್ತಾರೆ, ಚೆಕ್ ಕೊಟ್ಟವರ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಉತ್ತರ ಕೊಡಬೇಕು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ನೀವು ಚೆಕ್ಕನ್ನ ಬ್ಯಾಂಕಿಗೆ ಕೊಡ್ತೀರಿ, ಬ್ಯಾಂಕಿನವರೇ ಸ್ಕ್ಯಾನ್ ಮಾಡಿ ಕಾಗದ ಇಟ್ಕೊಳ್ತಾರೆ. ಅಲ್ಲಿ ಆ್ಯಪ್‌ನಲ್ಲಿ ಹಾಕಿದರೆ ಫೋಟೋ ಹೊಡೆಯೋದು ಗ್ರಾಹಕ, ಕಾಗದವೂ ಗ್ರಾಹಕನ ಕೈಯಲ್ಲೇ ಇರುತ್ತೆ. ಅದೇ ಚೆಕ್ಕನ್ನ ಇನ್ನೊಂದು ಬ್ಯಾಂಕಿಗೂ ಹಾಕಿಬಿಟ್ಟರೆ? ಬ್ಯಾಂಕಿನ ಅನುಮಾನ ಶುರುವಾಗೋದೇ ಇಲ್ಲಿಂದ.

ಎಷ್ಟು ದಿನ ಅನ್ನೋದು ಹೇಗೆ ಗೊತ್ತಾಗುತ್ತೆ?

ಕೌಂಟರಿನಲ್ಲಿ ಕೊಟ್ಟ ಸಾಮಾನ್ಯ ಚೆಕ್ಕಿಗೆ ಅಲ್ಲಿ 'ರೆಗ್ಯುಲೇಶನ್ ಸಿಸಿ' ಅನ್ನೋ ನಿಯಮ ಇದೆ. 2025ರ ಜುಲೈ 1ರಿಂದ ಮೊದಲ 275 ಡಾಲರ್ ಮರು ಕೆಲಸದ ದಿನ, ಉಳಿದದ್ದು ಎರಡನೇ ಕೆಲಸದ ದಿನ ಬಳಕೆಗೆ ಸಿಗಬೇಕು. ಒಂದೇ ದಿನ 6,725 ಡಾಲರ್‌ಗಿಂತ ಹೆಚ್ಚು ಹಾಕಿದರೆ, ಅಕೌಂಟ್ ಪದೇ ಪದೇ ಮೈನಸ್‌ಗೆ ಹೋಗಿದ್ದರೆ, ಒಮ್ಮೆ ವಾಪಸ್ ಬಂದ ಚೆಕ್ ಮತ್ತೆ ಹಾಕಿದ್ದರೆ ಅಥವಾ ಅನುಮಾನಕ್ಕೆ ಸರಿಯಾದ ಕಾರಣ ಇದ್ದರೆ ಬ್ಯಾಂಕು ಸುಮಾರು ಏಳನೇ ಕೆಲಸದ ದಿನದವರೆಗೆ ಹಿಡಿದಿಡಬಹುದು. ಅಕೌಂಟ್ ತೆರೆದು 30 ದಿನ ಆಗಿಲ್ಲ ಅಂದರೆ ಅದಕ್ಕೂ ಬೇರೆ ನಿಯಮ, ಇನ್ನೂ ತಡ ಆಗಬಹುದು.

ಫೋಟೋದಲ್ಲಿ ಹಾಕಿದ ಚೆಕ್ಕಿಗೆ ಈ ಗಡುವು ನೇರವಾಗಿ ಅನ್ವಯಿಸಲ್ಲ. ಆ್ಯಪ್ ಚಾಲೂ ಮಾಡುವಾಗ ನಾವೆಲ್ಲ ಓದದೆ 'ಒಪ್ಪಿದೆ' ಒತ್ತುತ್ತೀವಲ್ಲ, ಅಲ್ಲಿ ನಡೆಯೋದು ಆ ಕರಾರು. ಬಹಳಷ್ಟು ಬ್ಯಾಂಕುಗಳು ಮೇಲಿನ ಲೆಕ್ಕವನ್ನೇ ಹೆಚ್ಚುಕಡಿಮೆ ಅನುಸರಿಸುತ್ತವೆ, ಆದರೆ ಒಂದೊಂದು ಬ್ಯಾಂಕಿಂದು ಒಂದೊಂದು ಮಿತಿ. ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು, ಎಷ್ಟು ಗಂಟೆಗೆ ಕಟ್‌ಆಫ್ ಅನ್ನೋದು ಅದರಲ್ಲೇ ಇರುತ್ತೆ.

ಒಂದು ಲೆಕ್ಕ ಹಾಕಿ ನೋಡೋಣ

ಪೇಟೆಯ ಕಿರಾಣಿ ಅಂಗಡಿಯವರ ಮಗಳು ನ್ಯೂಯಾರ್ಕ್ ಕಡೆಗೆ ಮನೆ ಬದಲಾಯಿಸಿ, ಮೂರು ವಾರದ ಹಿಂದೆ ಹೊಸ ಬ್ಯಾಂಕಿನಲ್ಲಿ ಅಕೌಂಟ್ ತೆಗೆದಿದ್ದಾಳೆ ಅಂತ ಇಟ್ಕೊಳ್ಳಿ. ಹಳೇ ಮನೆಯ ಅಡ್ವಾನ್ಸ್ 1,450 ಡಾಲರ್ ಚೆಕ್ಕಾಗಿ ಬಂತು. 2025ರ ಆಗಸ್ಟ್ 29, ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಫೋಟೋ ಹೊಡೆದು ಹಾಕಿದಳು. ನಮಗಾಗ ಶನಿವಾರ ಬೆಳಿಗ್ಗೆ 7 ಗಂಟೆ. ಇಲ್ಲಿ ಲೋನ್ ಕಂತು ಕಟ್ಟಾಗೋದು ಸೆಪ್ಟೆಂಬರ್ 10ಕ್ಕೆ.

ಬ್ಯಾಂಕಿನ ಕಟ್‌ಆಫ್ ರಾತ್ರಿ 8 ಗಂಟೆ ಆಗಿದ್ದರೆ ಶುಕ್ರವಾರ ಲೆಕ್ಕಕ್ಕಿಲ್ಲ. ಶನಿವಾರ, ಭಾನುವಾರ ಕೆಲಸದ ದಿನ ಅಲ್ಲ. ಸೋಮವಾರ ಸೆಪ್ಟೆಂಬರ್ 1 ಅಲ್ಲಿ ಲೇಬರ್ ಡೇ ರಜೆ. ಹಾಗಾಗಿ ಚೆಕ್ ಹಾಕಿದ ದಿನ ಅಂತ ಬ್ಯಾಂಕು ಎಣಿಸೋದು ಮಂಗಳವಾರ, ಸೆಪ್ಟೆಂಬರ್ 2.

ಹಳೇ ಅಕೌಂಟ್ ಆಗಿದ್ದು ಬೇರೆ ತಕರಾರು ಇಲ್ಲದಿದ್ದರೆ 3ನೇ ತಾರೀಖು 275 ಡಾಲರ್, 4ಕ್ಕೆ ಉಳಿದ 1,175 ಬರುತ್ತಿತ್ತು. ಊರಿಗೆ ಕಳಿಸೋಕೆ ಟೈಮ್ ಇರುತ್ತಿತ್ತು. ಆದರೆ ಹೊಸ ಅಕೌಂಟ್ ಅಂತ ಬ್ಯಾಂಕು ಏಳು ಕೆಲಸದ ದಿನ ಹೋಲ್ಡ್ ಹಾಕಿದರೆ? 3, 4, 5, ಮಧ್ಯೆ ಶನಿ ಭಾನು ಬಿಟ್ಟು 8, 9, 10, 11. ದುಡ್ಡು ಕೈಗೆ ಬರೋದು 11ಕ್ಕೆ, ಕಂತಿನ ಮರುದಿನ. ಆಮೇಲೆ ಊರಿಗೆ ಕಳಿಸೋಕೆ ಇನ್ನೂ ಟೈಮ್ ಬೇಕು. ಅಂದರೆ ಇಲ್ಲಿ ಕಂತು ಬೌನ್ಸ್, ಮೇಲೆ ದಂಡ. ಅದಕ್ಕೇ ಆ್ಯಪ್‌ನಲ್ಲಿ ತೋರಿಸೋ ತಾರೀಖು ಏನು ಅಂತ ಮಕ್ಕಳನ್ನ ಮೊದಲೇ ಕೇಳಿ, ಆ ತಿಂಗಳ ಕಂತನ್ನ ಇಲ್ಲಿಂದಲೇ ಹೊಂದಿಸಿಕೊಳ್ಳೋದು ಒಳ್ಳೇದು.

ಹೋಲ್ಡ್ ಬೇರೆ, ರಿಜೆಕ್ಟ್ ಬೇರೆ

ಹೋಲ್ಡ್ ಅಂದರೆ ಚೆಕ್ ತಗೊಂಡಿದ್ದಾರೆ, ದುಡ್ಡು ತಡ. ರಿಜೆಕ್ಟ್ ಅಂದರೆ ತಗೊಂಡೇ ಇಲ್ಲ, ಎಷ್ಟು ದಿನ ಕಾದರೂ ಬರಲ್ಲ. ಇದಕ್ಕೆ ಬಹುತೇಕ ಫೋಟೋನೇ ಕಾರಣ. ನಾಲ್ಕು ಮೂಲೆ ಕಾಣಬೇಕು, ಕೆಳಗಿನ ಸಾಲಿನ ನಂಬರ್ ಓದೋ ಹಾಗಿರಬೇಕು, ಬರೆದ ಮೊತ್ತಕ್ಕೂ ಆ್ಯಪ್‌ನಲ್ಲಿ ಟೈಪ್ ಮಾಡಿದ ಮೊತ್ತಕ್ಕೂ ತಾಳೆ ಆಗಬೇಕು. ಚೆಕ್ಕಿನ ಹಿಂದೆ ಸಹಿ ಹಾಕಿ, 'ಫಾರ್ ಮೊಬೈಲ್ ಡೆಪಾಸಿಟ್ ಓನ್ಲಿ' ಅಂತ ಬರೆಯಲು ಬಹಳ ಬ್ಯಾಂಕುಗಳು ಹೇಳುತ್ತವೆ. ಅದೇ ಕಾಗದ ಇನ್ನೊಂದು ಕಡೆ ಹೋಗದಿರಲಿ ಅಂತ. ದುಡ್ಡು ಬಂದು ಬ್ಯಾಂಕು ಹೇಳಿದಷ್ಟು ದಿನ ಕಳೆಯೋವರೆಗೆ ಆ ಚೆಕ್ಕನ್ನ ಹರಿಯಬಾರದು.

ಬ್ಯಾಲೆನ್ಸ್ ಕಂಡರೂ ಚೆಕ್ ಪಾಸ್ ಅಂತ ಅಲ್ಲ

ಇದು ಎಲ್ಲದಕ್ಕಿಂತ ಮುಖ್ಯ. ದುಡ್ಡು ಬಳಸಬಹುದು ಅಂತ ಆ್ಯಪ್ ತೋರಿಸಿದರೂ, ಚೆಕ್ ಕೊಟ್ಟವರ ಬ್ಯಾಂಕಿಂದ ಅದು ಆಮೇಲೆ ವಾಪಸ್ ಬರಬಹುದು. ನಕಲಿ ಚೆಕ್ ಆದರೆ ಗೊತ್ತಾಗೋಕೆ ವಾರಗಳೇ ಹಿಡಿಯಬಹುದು. ವಂಚಕರು ಹಿಡಿಯೋದು ಈ ಸಂದನ್ನೇ. ಪಾರ್ಟ್‌ಟೈಮ್ ಕೆಲಸ ಅಂತ ವಿದ್ಯಾರ್ಥಿಗೆ 2,000 ಡಾಲರ್ ಚೆಕ್ ಕಳಿಸಿ, "1,500 ಇಂಥವರಿಗೆ ಕಳಿಸು, ಉಳಿದದ್ದು ನಿಂದು" ಅಂತಾರೆ. ಚೆಕ್ ವಾಪಸ್ ಬಂದಾಗ ಪೂರ್ತಿ 2,000 ಅಕೌಂಟಿನಿಂದ ಕಟ್. ಕಳಿಸಿದ 1,500 ಹೋದ ಹಾಗೇ, ಬ್ಯಾಂಕಿಗೆ ಕಟ್ಟಬೇಕಾದವರು ನಮ್ಮ ಮಕ್ಕಳೇ.

ಅದಕ್ಕೆ ಮಗನೋ ಮಗಳೋ ಹೋಲ್ಡ್ ಆಯ್ತು ಅಂತ ಬೇಜಾರು ಮಾಡಿಕೊಂಡರೆ ಮೂರು ಮಾತು ಕೇಳಿ. ಯಾವ ತಾರೀಖು ತೋರಿಸ್ತಿದೆ? ಕಾರಣ ಏನು ಅಂತ ಬ್ಯಾಂಕಿನ ಮೆಸೇಜಿನಲ್ಲಿ ಬರೆದಿದ್ದಾರೆ? ಚೆಕ್ ಕೊಟ್ಟೋರು ನಿನಗೆ ಮುಖತಃ ಗೊತ್ತಾ? ಮೂರನೇ ಪ್ರಶ್ನೆಗೆ 'ಇಲ್ಲ' ಅಂದರೆ, ಆ ದುಡ್ಡಿನಲ್ಲಿ ಒಂದು ಡಾಲರನ್ನೂ ಯಾರಿಗೂ ಕಳಿಸಬೇಡ ಅನ್ನಿ.